ಗಲ್ಲಾ ತುಂಬಿದೆ, ಮನೆಗೆ ದುಡ್ಡಿಲ್ಲ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಮನೆ ಖರ್ಚಿನ ಲೆಕ್ಕ ಕೇಳಲು ಗಂಡ ಹೆಂಡತಿ ಇಬ್ಬರೂ ನನ್ನ ಬಳಿ ಬಂದಿದ್ದರು. ಗಂಡ ಹಳ್ಳಿಯಲ್ಲಿ ಹೆಬ್ಬೆಟ್ಟೊತ್ತಿಸಿ ಜನರ ಬ್ಯಾಂಕ್ ಖಾತೆಯ ಹಣ ಕೊಡುವ, ಬಿಲ್ ಕಟ್ಟುವ, ರೀಚಾರ್ಜ್ ಮಾಡುವ ಅಂಗಡಿ ಇಟ್ಟು ಎಂಟು ತಿಂಗಳು. ಹೆಂಡತಿ ನೇರವಾಗಿ ಕೇಳಿದರು: "ದಿನಾ ಅರವತ್ತು ಸಾವಿರ ಇವರ ಕೈ ಮೇಲೆ ಓಡಾಡುತ್ತೆ ಮೇಡಂ. ರೇಷನ್‌ಗೆ ಕೇಳಿದರೆ ಇಲ್ಲ ಅಂತಾರೆ. ಎಲ್ಲಿಗೆ ಹೋಗುತ್ತೆ?" ಅನುಮಾನ ಬೇರೆ ಕಡೆಗೇ ತಿರುಗಿತ್ತು.

ಗೃಹಲಕ್ಷ್ಮಿ ಹಣ ಬಿದ್ದ ಒಂದು ತಿಂಗಳಿನ ಲೆಕ್ಕ ತೆಗೆಸಿದೆ. ಎರಡೆರಡು ಸಾವಿರದಂತೆ 780 ಸಲ ಹಣ ಕೊಟ್ಟಿದ್ದಾರೆ, ಒಟ್ಟು 15.6 ಲಕ್ಷ. ಅವರಿಗೆ ಸಿಗುವುದು ಸಲಕ್ಕೆ ಐದು ರೂಪಾಯಿ, ಅಂದರೆ 3,900. ರೀಚಾರ್ಜ್‌ನಿಂದ 1,200, ಬಿಲ್‌ಗಳಿಂದ 400. ಗೃಹಜ್ಯೋತಿ ಬಂದ ಮೇಲೆ ಕರೆಂಟ್ ಬಿಲ್ ಕಟ್ಟಲು ಬರುವವರು ಕಡಿಮೆ, ಹುಡುಗರು ಫೋನಿನಲ್ಲೇ ರೀಚಾರ್ಜ್ ಮಾಡಿಕೊಳ್ಳುತ್ತಾರೆ. ಒಟ್ಟು 5,500ರಲ್ಲಿ ಟಿಡಿಎಸ್ 110 ಕಡಿತ. ಬಾಡಿಗೆ 1,500, ಇಂಟರ್ನೆಟ್ ಮತ್ತು ಕರೆಂಟ್ 700, ವ್ಯವಹಾರ ನಡೆಸುವ ಆ್ಯಪ್‌ನ ವ್ಯಾಲೆಟ್‌ನಿಂದ ಬ್ಯಾಂಕಿಗೆ ಹಣ ಹಾಕಿಸುವ ಶುಲ್ಕ 300, ಪಟ್ಟಣದ ಬ್ಯಾಂಕಿನಿಂದ ನಗದು ತರುವ ಪೆಟ್ರೋಲ್ 800, ಕೈಸಾಲದ ಐವತ್ತು ಸಾವಿರಕ್ಕೆ ಬಡ್ಡಿ 1,000. ಉಳಿದದ್ದು 1,090.

ಹೆಂಡತಿ ಆ ಅಂಕಿಯನ್ನೇ ನೋಡುತ್ತ ಕೂತರು. ಗಂಡನಿಗೂ ಅದು ಹೊಸ ಸುದ್ದಿಯೇ. ಗಲ್ಲಾದಲ್ಲಿ ನೋಟು ಕಂಡಾಗ ಅದು ಸಂಪಾದನೆ ಅನ್ನಿಸುತ್ತದೆ. ನಿಜದಲ್ಲಿ ಅದು ಬಂಡವಾಳ. ನಗದು ಕೊಟ್ಟರೆ ಗಿರಾಕಿಯ ಖಾತೆಯ ಹಣ ಬಂದು ವ್ಯಾಲೆಟ್ ಏರುತ್ತದೆ, ರೀಚಾರ್ಜ್ ಮಾಡಿದರೆ ವ್ಯಾಲೆಟ್ ಇಳಿದು ನಗದು ಏರುತ್ತದೆ. ಒಂದೇ ದುಡ್ಡು ಜಾಗ ಬದಲಿಸುತ್ತಿರುತ್ತದೆ, ಅಷ್ಟೇ.

ಅಂಗಡಿಗೆ ಹಾಕಿದ್ದ ಬಂಡವಾಳ 1,20,000. ಆ ರಾತ್ರಿ ಎಣಿಸಿ ತರಲು ಹೇಳಿದೆ: ನಗದು 31,400, ವ್ಯಾಲೆಟ್ 38,600, ಬ್ಯಾಂಕ್ 9,000, ಉದ್ರಿ 17,000, ಗಿರಾಕಿಗೆ ಹಣ ಕೊಟ್ಟರೂ ವ್ಯಾಲೆಟ್‌ಗೆ ಬಾರದೆ ನಿಂತದ್ದು 4,000. ಸೇರಿಸಿದರೆ ಒಂದು ಲಕ್ಷ. ಅಂದರೆ ಎಂಟು ತಿಂಗಳ ಕಮಿಷನ್ ಅಷ್ಟೂ ಹೋಗಿ, ಮೇಲೆ ಇಪ್ಪತ್ತು ಸಾವಿರ ಬಂಡವಾಳವೂ ಫೀಸು, ಗ್ಯಾಸು, ಹಬ್ಬ ಅಂತ ಮನೆಗೇ ಹೋಗಿದೆ. ಹೆಂಡತಿ ತಾವೇ ನೆನಪಿಸಿಕೊಂಡು ಒಂದೊಂದನ್ನೂ ಒಪ್ಪಿದರು.

"ಎಲ್ಲರೂ ಗಿರಾಕಿ ಹತ್ತಿರ ಇಪ್ಪತ್ತು ರೂಪಾಯಿ ಕಿತ್ತುಕೊಳ್ತಾರೆ, ನಾನೂ ತಗೊಳ್ಲಾ?" ಎಂದು ಗಂಡ ಕೇಳಿದರು. ಬೇಡ ಎಂದೆ. ಬ್ಯಾಂಕಿನ ಪ್ರತಿನಿಧಿ ಗಿರಾಕಿಯಿಂದ ತಾನೇ ಶುಲ್ಕ ವಸೂಲಿ ಮಾಡುವಂತಿಲ್ಲ. ಒಂದು ದೂರು ಹೋದರೆ ಐಡಿಯೇ ಬಂದ್.

ನಾನು ಹೇಳಿದ್ದು ಇಷ್ಟು. ದಿನಾ ರಾತ್ರಿ ಈ ಐದನ್ನೂ ಕೂಡಿಸಿ ಬರೆಯುವುದು, ಮೊತ್ತ ಇಳಿದರೆ ಅದೇ ರಾತ್ರಿ ಕಾರಣ ಹುಡುಕುವುದು. ಗಲ್ಲಾದಿಂದ ಮನೆಗೆ ಚಿಲ್ಲರೆಯೂ ತೆಗೆಯದೆ, ತಿಂಗಳ ಕೊನೆಗೆ ಉಳಿದದ್ದನ್ನು ಹೆಂಡತಿಯ ಕೈಗೆ ಕೊಡುವುದು. ರೀಚಾರ್ಜ್ ಉದ್ರಿ ನಿಲ್ಲಿಸಿ, ವಸೂಲಾದದ್ದನ್ನು ಕೈಸಾಲಕ್ಕೆ ಕಟ್ಟುವುದು. ಯಂತ್ರ ಫೇಲ್ ಎಂದರೆ ನಗದು ಕೊಡದೆ, ಚೀಟಿಯಲ್ಲಿನ ಆರ್‌ಆರ್‌ಎನ್, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳುವುದು; ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿದ್ದರೆ ಐದು ದಿನದೊಳಗೆ ವಾಪಸ್ ಹಾಕಬೇಕೆಂಬ ನಿಯಮವಿದೆ.

ಬಾಡಿಗೆ ಅಂಗಡಿ ಬಿಟ್ಟು ಅಣ್ಣನ ಕಿರಾಣಿ ಅಂಗಡಿಯ ಮೂಲೆಗೆ ಹೋಗಲು ಇಬ್ಬರೂ ಒಪ್ಪಿದ್ದಾರೆ. ಬಾಡಿಗೆಯೂ ಬಡ್ಡಿಯೂ ತಪ್ಪಿದರೆ ಅದೇ ವ್ಯವಹಾರಕ್ಕೆ 3,590 ಉಳಿಯುತ್ತದೆ. ಸಂಸಾರಕ್ಕೆ ಅದೂ ಸಾಲದು. ಮಧ್ಯಾಹ್ನದ ನಂತರ ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದಿದ್ದಾರೆ ಗಂಡ.