ಕೊನೆಯ ತಾರೀಖು ಇಲ್ಲದ ಆಫರ್ ಲೆಟರ್

(ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕೊನೆಯ ವರ್ಷ ಓದುತ್ತಿದ್ದ ಹುಡುಗಿಯೊಬ್ಬಳು ಇಂಟರ್ನ್‌ಶಿಪ್‌ನ ಆಫರ್ ಲೆಟರ್ ಹಿಡಿದುಕೊಂಡು ಬಂದಳು. ಎರಡು ದಿನದಲ್ಲಿ ಸಹಿ ಮಾಡಿ ಕಳಿಸಬೇಕಿತ್ತು. ಸಂದರ್ಶನದಲ್ಲಿ ಅವಳಿಗೆ ಹೇಳಿದ್ದು ಇಷ್ಟು: ಬರವಣಿಗೆ ಕೆಲಸ, 3 ತಿಂಗಳು, ತಿಂಗಳು ತಿಂಗಳು ಸ್ಟೈಪೆಂಡ್. "ಎಲ್ಲಾ ಸರಿಯಾಗೇ ಇದೆ ಅನ್ಸುತ್ತೆ ಮೇಡಂ, ಆದ್ರೂ ಏನೋ ಒಂಥರಾ" ಎಂದಳು.

ಪೆನ್ಸಿಲ್ ಕೊಟ್ಟು, ಮೂರೇ ಮೂರು ವಿಷಯ ಹುಡುಕಲು ಹೇಳಿದೆ. ಕೆಲಸ ಯಾವತ್ತು ಮುಗಿಯುತ್ತೆ? ದುಡ್ಡು ಎಷ್ಟು, ಯಾವತ್ತು ಬರುತ್ತೆ? ದಿನಾ ಮಾಡೋ ಕೆಲಸ ಏನು?

ಮೊದಲನೆಯದಕ್ಕೇ ಪೆನ್ಸಿಲ್ ನಿಂತಿತು. ಪತ್ರದಲ್ಲಿ ಇದ್ದದ್ದು "ಕನಿಷ್ಠ 3 ತಿಂಗಳು, ಕೆಲಸ ತೃಪ್ತಿಕರವಾಗುವವರೆಗೆ ವಿಸ್ತರಿಸಬಹುದು" ಎಂದು. ಶುರುವಾಗುವ ತಾರೀಖು ಇತ್ತು, ಮುಗಿಯುವ ತಾರೀಖು ಇರಲಿಲ್ಲ. ಸ್ಟೈಪೆಂಡ್ ಸಾಲಿನಲ್ಲಿ ಒಂದು ಮೊತ್ತ ಬರೆದು, ಅದರ ಮುಂದೆ "ವರೆಗೆ" ಎಂದು ಸೇರಿಸಿದ್ದರು. ಅದನ್ನು "ಇಂಟರ್ನ್‌ಶಿಪ್ ಯಶಸ್ವಿಯಾಗಿ ಮುಗಿದ ಮೇಲೆ" ಕೊಡುತ್ತಾರಂತೆ. ಕೆಲಸದ ಸಾಲು: "ಬರವಣಿಗೆ ಹಾಗೂ ಕಂಪನಿ ಸೂಚಿಸುವ ಇತರ ಕೆಲಸಗಳು". ಎರಡನೇ ಪುಟದ ಕೆಳಗೆ ಇನ್ನೊಂದು ಸಾಲು: ಮಧ್ಯದಲ್ಲಿ ಬಿಟ್ಟರೆ ಸ್ಟೈಪೆಂಡ್ ಇಲ್ಲ, ಪ್ರಮಾಣಪತ್ರವೂ ಇಲ್ಲ.

ಇವನ್ನು ಒಂದೊಂದಾಗಿ ಓದಿದರೆ ಅಂಥ ದೊಡ್ಡ ತಪ್ಪು ಕಾಣುವುದಿಲ್ಲ. ಒಟ್ಟಿಗೆ ಇಟ್ಟು ಓದಬೇಕು. ಅದಕ್ಕೆ ಹಾಳೆಯ ಮೇಲೆ ತಿಂಗಳುಗಳನ್ನು ಬರೆಯಲು ಹೇಳಿದೆ. ಒಂದನೇ ತಿಂಗಳು ಕೈಗೆ ಬಂದದ್ದು 0. ಎರಡು, 0. ಮೂರು, 0. ಮೂರನೇ ತಿಂಗಳ ಕೊನೆಗೆ "ಇನ್ನೂ ತೃಪ್ತಿಯಾಗಿಲ್ಲ, ಮುಂದುವರಿಸಿ" ಅಂದರು ಅಂತ ಇಟ್ಟುಕೊಳ್ಳಿ. ನಾಲ್ಕನೇ ತಿಂಗಳು ಪರೀಕ್ಷೆ ಅಂತ ಬಿಟ್ಟರೆ ಅದು "ಮಧ್ಯದಲ್ಲಿ ಬಿಟ್ಟಂತೆ". ಮೂರು ತಿಂಗಳು ದುಡಿದದ್ದಕ್ಕೂ 0. ಅವಳು ಹಾಳೆಯನ್ನೇ ನೋಡುತ್ತಾ ಕೂತಳು.

"ವರೆಗೆ" ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಮೇಲಿನ ಮಿತಿ ಮಾತ್ರ ಹೇಳುತ್ತೆ, ಕೆಳಗಿನ ಮಿತಿ ಹೇಳಲ್ಲ. ಮೊತ್ತದ ಕಾಲು ಭಾಗ ಕೊಟ್ಟರೂ ಪತ್ರದ ಪ್ರಕಾರ ಮಾತು ತಪ್ಪಿದಂತಲ್ಲ. ಗುಣಮಟ್ಟ ಅಳೆಯುವವರು ಯಾರು, ಹೇಗೆ ಅನ್ನೋದೂ ಅದರಲ್ಲಿ ಇರಲಿಲ್ಲ.

ಹಾಗಂತ ಇದು ಮೋಸವೇ ಎಂದು ನಾನು ಹೇಳಲಿಲ್ಲ. ಎಷ್ಟೋ ಕಡೆ ಯಾವುದೋ ಹಳೇ ಪತ್ರವನ್ನು ಕಾಪಿ ಮಾಡಿ ಹೆಸರು ಮಾತ್ರ ಬದಲಿಸಿರುತ್ತಾರೆ. ಕೇಳಿದಾಗ ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನೋದರಿಂದ ಜಾಸ್ತಿ ತಿಳಿಯುತ್ತೆ. ಸುಮ್ನೆ ಎಡವಟ್ಟಾಗಿದ್ದರೆ ತಿದ್ದಿ ಕಳಿಸುತ್ತಾರೆ. "ನಂಬಿಕೆ ಇಲ್ವಾ?" ಅಂತ ತಿರುಗಿ ಕೇಳಿದರೆ ಹುಷಾರಾಗಿರಬೇಕು.

ಅವಳ ಕೈಯಲ್ಲೇ ಮೇಲ್ ಬರೆಸಿದೆ. ದೂರಿನ ಧಾಟಿ ಬೇಡ, ಸಂದರ್ಶನದಲ್ಲಿ ಆಡಿದ ಮಾತನ್ನೇ ನೆನಪಿಸಿದರೆ ಸಾಕು ಎಂದೆ. ಅವಳು ಬರೆದದ್ದು:

"ಆಫರ್‌ಗೆ ಧನ್ಯವಾದಗಳು. ಸಂದರ್ಶನದಲ್ಲಿ 3 ತಿಂಗಳು ಎಂದು ಮಾತಾಗಿತ್ತು, ದಯವಿಟ್ಟು ಮುಗಿಯುವ ತಾರೀಖು ಸೇರಿಸಿ. ಸ್ಟೈಪೆಂಡ್ ಖಚಿತವಾಗಿ ಎಷ್ಟು, ಪ್ರತಿ ತಿಂಗಳು ಯಾವ ತಾರೀಖಿಗೆ ಎಂದು ತಿಳಿಸಿ. ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಅಲ್ಲಿಯವರೆಗಿನ ಸ್ಟೈಪೆಂಡ್ ಸಿಗುತ್ತದೆಯೇ? ‘ಇತರ ಕೆಲಸಗಳು’ ಎಂದರೆ ಯಾವುವು, ಯಾರಿಗೆ ವರದಿ ಮಾಡಬೇಕು?"

ಅವರು ಮೇಲ್‌ಗೆ ಉತ್ತರ ಕೊಡಲಿಲ್ಲ, ಫೋನ್ ಮಾಡಿದರು. "ಅದೆಲ್ಲಾ ಇರುತ್ತೆ, ಟೆನ್ಷನ್ ಮಾಡ್ಕೋಬೇಡಿ" ಅಂದರಂತೆ. ಅವಳಿಗೆ ಸಮಾಧಾನವಾಗಿತ್ತು, ನನಗೆ ಆಗಲಿಲ್ಲ. ಫೋನಿನಲ್ಲಿ ಒಪ್ಪಿದ್ದನ್ನು ಆರು ಸಾಲಿನಲ್ಲಿ ಬರೆದು, "ಹೀಗೆ ಮಾತಾಯಿತು, ಪತ್ರದಲ್ಲೂ ಸೇರಿಸಿ" ಎಂದು ಅವತ್ತೇ ಕಳಿಸಲು ಹೇಳಿದೆ.

ಮಾರನೇ ದಿನ ಸಂಜೆ ತಿದ್ದಿದ ಪತ್ರ ಬಂತು. ಮುಗಿಯುವ ತಾರೀಖು ಇತ್ತು. ವಿಸ್ತರಣೆಗೆ ಇಬ್ಬರ ಒಪ್ಪಿಗೆ ಬೇಕು ಎಂದಿತ್ತು. ಸ್ಟೈಪೆಂಡ್ ಪ್ರತಿ ತಿಂಗಳು 7ರೊಳಗೆ, ಮಧ್ಯದಲ್ಲಿ ಬಿಟ್ಟರೆ ಕೆಲಸ ಮಾಡಿದ ದಿನಗಳ ಲೆಕ್ಕದಲ್ಲಿ. ಆದರೆ ಮೊತ್ತ ಮೊದಲು ಬರೆದದ್ದಕ್ಕಿಂತ ಕಡಿಮೆಯಾಗಿತ್ತು. ಅವಳಿಗೆ ಬೇಜಾರಾಯಿತು. ಕಡಿಮೆಯಾದರೂ ಖಚಿತವಾದ ಮೊತ್ತವೇ ವಾಸಿ, ಅದರ ಮೇಲೆ ನಿಮ್ಮ ಖರ್ಚು ಲೆಕ್ಕ ಹಾಕಬಹುದು ಅಲ್ವಾ ಎಂದೆ. "ಇತರ ಕೆಲಸಗಳು" ತೆಗೆಯಲಿಲ್ಲ, "ಬರವಣಿಗೆಗೆ ಸಂಬಂಧಿಸಿದ" ಎಂದು ಹಿಂದೆ ಸೇರಿಸಿದ್ದರು. ಅಷ್ಟು ಬಿಟ್ಟುಕೊಡಬಹುದು ಅನಿಸಿತು.

ಪ್ರಮಾಣಪತ್ರದ ಸಾಲು ಮಾತ್ರ ಹಾಗೇ ಉಳಿದಿತ್ತು. ಅದೊಂದನ್ನು ಮತ್ತೆ ಕೇಳಿದಳು. ಮೂರು ತಿಂಗಳು ಮುಗಿಸಿದರೆ ಖಂಡಿತ ಕೊಡುತ್ತೇವೆ ಎಂದು ಮೇಲ್‌ನಲ್ಲೇ ಉತ್ತರ ಬಂತು. ಆ ಮೇಲ್ ಮತ್ತು ಪತ್ರ ಎರಡನ್ನೂ ತನ್ನ ಸ್ವಂತ ಐಡಿಗೆ ಕಳಿಸಿಕೊಂಡು, ಆಮೇಲೆ ಸಹಿ ಹಾಕಿದಳು.