ತಾಳ್ಮೆ ಇಲ್ಲದ್ದಲ್ಲ, ತ್ರಿಕೋನ ಕಷ್ಟ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಗುವಿಗೆ ಒಂದೂವರೆ ವರ್ಷ. ತಾಯಿ ಕೆಲಸಕ್ಕೆ ಹೋಗುತ್ತಾರೆ, ಹಗಲೆಲ್ಲ ಅಜ್ಜಿ ನೋಡಿಕೊಳ್ಳುತ್ತಾರೆ. "ಇವನಿಗೆ ತಾಳ್ಮೆನೇ ಇಲ್ಲ ಮೇಡಂ. ಆಕಾರ ತೂರಿಸೋ ಪೆಟ್ಟಿಗೆ ಕೊಟ್ರೆ ಎರಡು ಸಲ ಕುಟ್ಟಿ ಎಸೆದುಬಿಡ್ತಾನೆ. ಪಕ್ಕದ್ಮನೆ ಹುಡುಗಿ ಎಲ್ಲಾ ಹಾಕ್ತಾಳೆ" ಎಂದರು ತಾಯಿ. ಆ ಹುಡುಗಿಯ ವಯಸ್ಸು ಕೇಳಿದೆ. ಎರಡೂಮುಕ್ಕಾಲು ವರ್ಷ! ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಪೆಟ್ಟಿಗೆಯನ್ನು ತರಿಸಿ, ಅವನು ಆಡುವುದನ್ನು ನೋಡಿದೆ. ತ್ರಿಕೋನವನ್ನು ಸರಿಯಾದ ತೂತಿನ ಮೇಲೇ ಇಟ್ಟ. ಮೂಲೆ ಅಂಚಿಗೆ ತಾಗಿತು. ಒತ್ತಿದ, ಅಮ್ಮನ ಮುಖ ನೋಡಿದ, ಎಸೆದ. ಅಂದರೆ ಕಣ್ಣು ತೂತನ್ನು ಗುರುತಿಸಿದೆ. ಮಣಿಕಟ್ಟನ್ನು ಚೂರು ತಿರುಗಿಸಿ ಮೂಲೆ ಹೊಂದಿಸುವುದು ಇನ್ನೂ ಬಂದಿಲ್ಲ. ಈ ವಯಸ್ಸಿಗೆ ಅದು ಸಹಜ. ಮರದ ಬ್ಲಾಕ್ ಕೊಟ್ಟಾಗ ಮೂರನ್ನು ಒಂದರ ಮೇಲೊಂದು ಇಟ್ಟು, ಬೀಳಿಸಿ, ಕೇಕೆ ಹಾಕಿದ. ಒಂದೂವರೆ ವರ್ಷಕ್ಕೆ ಎರಡರಿಂದ ನಾಲ್ಕು ಪೇರಿಸಿದರೆ ಸಾಕು. ಕಂಬಕ್ಕೆ ಬಳೆ ಹಾಕುವ ಆಟಿಕೆಯಲ್ಲೂ ದೊಡ್ಡದು, ಚಿಕ್ಕದು ಅಂತ ಕ್ರಮ ಈಗಲೇ ಬರಲ್ಲ. ಹಾಕಿ ತೆಗೆದರೆ ಸರಿ.

ಹೇಳಿದ್ದು ಇಷ್ಟು. ಗುಂಡು ತೂತೊಂದನ್ನು ಬಿಟ್ಟು ಉಳಿದವಕ್ಕೆ ಟೇಪ್ ಅಂಟಿಸಿ. ಗುಂಡು ತುಂಡನ್ನು ಹೇಗೆ ತಿರುಗಿಸಿ ಹಿಡಿದರೂ ಒಳಗೆ ಹೋಗುತ್ತದೆ. ಅದು ಸಲೀಸಾದ ಮೇಲೆ ಚೌಕ ಕೊಡಿ, ತ್ರಿಕೋನ ಆಮೇಲೆ. ಚೌಕ ಸಿಕ್ಕಿಕೊಂಡರೆ ಮಗುವಿನ ಕೈ ಹಿಡಿಯಬೇಡಿ, ಪೆಟ್ಟಿಗೆಯನ್ನೇ ಸ್ವಲ್ಪ ತಿರುಗಿಸಿ ತೂತನ್ನು ತುಂಡಿಗೆ ಹೊಂದಿಸಿ. ಅಜ್ಜಿ ಪ್ರೀತಿಯಿಂದ ಅವನ ಕೈ ಹಿಡಿದು ಹಾಕಿಸುತ್ತಿದ್ದರು. ಆಗ ಅವನ ಕಣ್ಣು ಫ್ಯಾನಿನ ಮೇಲಿರುತ್ತಿತ್ತು! ಸಹಾಯಕ್ಕೆ ಮುಂಚೆ ಮನಸ್ಸಲ್ಲೇ ಹತ್ತು ಎಣಿಸಿ ಎಂದೆ.

ಒಂದರೊಳಗೊಂದು ಕೂರುವ ಬಟ್ಟಲಿಗೆ ದುಡ್ಡು ಕೊಡಬೇಕಿಲ್ಲ, ಅಡುಗೆಮನೆಯ ಸ್ಟೀಲ್ ಡಬ್ಬಿ ಸಾಕು. ಮೊದಲು ಎರಡೇ ಕೊಡಿ, ಅಳತೆಯಲ್ಲಿ ತುಂಬ ಅಂತರ ಇರಲಿ. ಅದಾದ ಮೇಲೆ ನಡುವಿನ ಅಳತೆಯದು ಸೇರಿಸಿ. ಅಂಚು ಚೂಪಾಗಿರಬಾರದು. ಟಿಶ್ಯೂ ರೋಲಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವ ತುಂಡನ್ನೂ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಎಸೆಯುವುದಕ್ಕೆ ಬೈಯಬೇಡಿ. ಎರಡು ಸಲ ಎಸೆದರೆ ಸುಮ್ನೆ ಎತ್ತಿಡಿ, ಎಸೆಯಲು ಬಟ್ಟೆ ಚೆಂಡು ಕೊಡಿ. ಮೂರ್ನಾಲ್ಕು ನಿಮಿಷ ಕೂತು ಆಡಿದರೆ ಅದೇ ಜಾಸ್ತಿ.

ಯಾವಾಗಲೂ ಒಂದೇ ಕೈ ಬಳಸುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿರುವುದು, ಒಂದು ಪದವೂ ಆಡದಿರುವುದು, ಇವಿದ್ದರೆ ಆಟಿಕೆ ಬದಲಿಸುತ್ತ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಇವನಲ್ಲಿ ಯಾವುದೂ ಇರಲಿಲ್ಲ.

ಮುಂದಿನ ಭೇಟಿಯ ಹೊತ್ತಿಗೆ ಗುಂಡು ಸಲೀಸಾಗಿತ್ತು, ಚೌಕ ಕೆಲವೊಮ್ಮೆ ಹೋಗುತ್ತಿತ್ತು. ತ್ರಿಕೋನ ಮಾತ್ರ ಈಗಲೂ ಗೋಡೆಗೇ! "ಇನ್ನೂ ದೊಡ್ಡ ಸೆಟ್ ತರಲಾ ಮೇಡಂ?" ಎಂದರು. ಬೇಡ, ತ್ರಿಕೋನವನ್ನು ಬೀರುವಿನ ಮೇಲಿಡಿ, ಎರಡು ವರ್ಷ ದಾಟಲಿ ಎಂದೆ.