ಲ್ಯಾಪ್‌ಟಾಪ್ ಮುಚ್ಚಿದರೆ ಫೋರ್ಸ್ ಹೋಗಲ್ಲ

ಪ್ರಶ್ನೆ: ಸಾರ್, ಹೊಸೂರಿನ ಒಂದು ಕಂಪನಿಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೇನೆ. ಬ್ರೇಕ್‌ಡೌನ್ ಬಂದರೆ ಹುಡುಗರು ಔಟ್‌ಪುಟ್ ಫೋರ್ಸ್ ಮಾಡ್ತಾರೆ, ಅಂದರೆ ಪಿಎಲ್‌ಸಿ ಪ್ರೋಗ್ರಾಮ್ ಏನೇ ಹೇಳಲಿ ಲ್ಯಾಪ್‌ಟಾಪ್‌ನಿಂದ ಬಲವಂತವಾಗಿ ಆನ್ ಮಾಡಿಡ್ತಾರೆ, ಡೋರ್ ಸ್ವಿಚ್ ಬೈಪಾಸ್ ಮಾಡ್ತಾರೆ. ಸೋಮವಾರ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಇದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಏನು ಹೇಳಲಿ?

ಉತ್ತರ: ಈ ಪ್ರಶ್ನೆ ತಿಂಗಳಿಗೊಂದು ಬರುತ್ತದೆ. ಸೋಮವಾರದ ಭಾಷಣಕ್ಕೆ ಶನಿವಾರ ಸಂಜೆ ಕೇಳುವುದೂ ತಪ್ಪುವುದಿಲ್ಲ. "ಸುರಕ್ಷತೆ ಮೊದಲು" ಅಂತ ಮಾತ್ರ ಶುರು ಮಾಡಬೇಡಿ, ಆ ಮಾತು ಕಿವಿಗೆ ಬಿದ್ದ ಕೂಡಲೇ ಹಿಂದೆ ನಿಂತವರು ಮೊಬೈಲ್ ತೆಗೆಯುತ್ತಾರೆ. ಇಂಟರ್‌ಲಾಕ್ ಅಂದರೇನು ಅಂತ ಪಾಠವನ್ನೂ ಮಾಡಬೇಡಿ. ಅದು ಗೊತ್ತಿಲ್ಲದವನ ಕೈಗೆ ಲ್ಯಾಪ್‌ಟಾಪ್ ಕೊಟ್ಟಿದ್ದರೆ ತಪ್ಪು ನಿಮ್ಮದು. ಒಂದು ಮೆಷಿನ್, ಒಂದು ರಾತ್ರಿ, ಒಂದು ಔಟ್‌ಪುಟ್ ಹಿಡಿದು ಹೇಳಿ. ನಾನು ಕೆಲಸಕ್ಕಿದ್ದ ಕಾರ್ಖಾನೆಯೊಂದರಲ್ಲಿ ನಡೆದದ್ದನ್ನು ಆಮೇಲೆ ಶಿಫ್ಟ್ ಶುರುವಿನಲ್ಲಿ ಹೀಗೆ ಹೇಳುತ್ತಿದ್ದೆ:

"ಅಣ್ಣಂದಿರೇ, ಶಟಲ್ ಸ್ಟೇಷನ್ ನಿಮಗೆಲ್ಲ ಗೊತ್ತು. ಒಂದು ಸಿಲಿಂಡರ್ ಕಾಸ್ಟಿಂಗನ್ನು ಪ್ರೆಸ್ ಕೆಳಕ್ಕೆ ತಳ್ಳುತ್ತೆ. ರಾತ್ರಿ ಎರಡೂವರೆಗೆ ಮೆಷಿನ್ ನಿಂತಿತು. ಅಲಾರಂ ಏನು? ಕ್ಲಾಂಪ್ ಓಪನ್ ಆಗಿಲ್ಲ ಅಂತ. ಕಣ್ಣಲ್ಲಿ ನೋಡಿದರೆ ಕ್ಲಾಂಪ್ ತೆರೆದೇ ಇದೆ. ಕ್ಲಾಂಪ್ ಸಿಲಿಂಡರ್ ಮೇಲಿನ ರೀಡ್ ಸ್ವಿಚ್ಚಿನ ದೀಪ ಉರೀತಿದೆ, ಪಿಎಲ್‌ಸಿ ಇನ್‌ಪುಟ್ ದೀಪ ಉರೀತಿಲ್ಲ. ಎರಡು ದೀಪದ ನಡುವೆ ಇರೋದು ಒಂದು ವೈರು. ಉತ್ತರ ಅಲ್ಲೇ ಇತ್ತು, ಕೇಬಲ್ ಚೈನ್ ಒಳಗೆ ವೈರ್ ತುಂಡಾಗಿತ್ತು.

"ಬಂದ ಟೆಕ್ನಿಷಿಯನ್ ದಡ್ಡ ಅಲ್ಲ, ನನಗಿಂತ ಒಳ್ಳೆ ಕೈ ಅವನದು. ಆದರೂ ನಿದ್ದೆಗಣ್ಣಲ್ಲಿ ಅವನಿಗೆ ಶಟಲ್ ವಾಲ್ವೇ ಹೋಗಿರಬಹುದು ಅನ್ನಿಸಿತು. ಬಾಗಿಲು ತೆರೆದ. ಮೆಷಿನ್ ಟ್ರಿಪ್ ಆಗದಿರಲಿ ಅಂತ ಡೋರ್ ಸ್ವಿಚ್‌ಗೆ ಸ್ಪೇರ್ ಕೀ ಸಿಕ್ಕಿಸಿದ. ಒಳಗೆ ಕೈ ಹಾಕಬೇಕಲ್ಲ, ಅದಕ್ಕೆ ಗಾಳಿಯ ಹ್ಯಾಂಡ್ ವಾಲ್ವ್ ಮುಚ್ಚಿದ. ಅದು ಸರಿ, ಆದರೆ ಅದಕ್ಕೆ ಬೀಗ ಹಾಕಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಫೋರ್ಸ್ ಟೇಬಲ್‌ನಲ್ಲಿ `%Q0.5:P` ಅನ್ನು `TRUE` ಮಾಡಿದ. ವಾಲ್ವಿನ ದೀಪ ಹತ್ತಿತು, ಶಟಲ್ ಕದಲಲಿಲ್ಲ. ಹೇಗೆ ಕದಲುತ್ತೆ? ಗಾಳಿ ಮುಚ್ಚಿದ್ದು ಅವನೇ. 'ಫೋರ್ಸ್ ತಗೊಳ್ತಿಲ್ಲ' ಅಂದ, ಲ್ಯಾಪ್‌ಟಾಪ್ ಮುಚ್ಚಿದ, ಬೇರೆ ಕಡೆ ಹುಡುಕೋಕೆ ಹೋದ.

"ಕೊನೆಗೆ ವೈರ್ ಸಿಕ್ಕಿತು, ಬದಲಿಸಿದ. ಒಂದು ಸಲ ಪಿಎಲ್‌ಸಿ ಆಫ್ ಮಾಡಿ ಆನ್ ಮಾಡಿದ, ಅಲಾರಂ ಹೋಯಿತು. ಲಾಗ್‌ಬುಕ್‌ನಲ್ಲಿ ಬರೆದ: ಕೇಬಲ್ ಬದಲಿಸಿದೆ, ಮೆಷಿನ್ ಓಕೆ. ಆರು ಗಂಟೆಗೆ ಶಿಫ್ಟ್ ಬದಲಾಯಿತು. ಒಳಗೆ ಒಂದು ಕಾಸ್ಟಿಂಗ್ ಸಿಕ್ಕಿಕೊಂಡಿತ್ತು, ಅದನ್ನು ತೆಗೆಯೋಕೆ ಹೆಲ್ಪರ್ ಕೈ ಹಾಕಿದ. ಇನ್ನೊಬ್ಬ ಹಿಂದೆ ಹೋಗಿ ಗೇಜ್ ನೋಡಿದ, ಗಾಳಿ ಇಲ್ಲ ಅಂತ ಹ್ಯಾಂಡ್ ವಾಲ್ವ್ ತೆರೆದ. ಸ್ಟಾರ್ಟ್ ಬಟನ್ ಯಾರೂ ಒತ್ತಲಿಲ್ಲ. ಶಟಲ್ ಬಂತು.

"ಆ ಸಿಲಿಂಡರ್ 63 ಬೋರ್. ಪಿಸ್ಟನ್ನಿನ ವಿಸ್ತೀರ್ಣ ಸುಮಾರು 31 ಚದರ ಸೆಂಟಿಮೀಟರ್, ಗಾಳಿ 6 ಬಾರ್. ಗುಣಿಸಿ ನೋಡಿ, ಹತ್ತಿರ ಹತ್ತಿರ 190 ಕೆಜಿ. ಶಟಲ್ಲಿಗೂ ಸ್ಟಾಪರ್ ಬ್ಲಾಕಿಗೂ ನಡುವೆ ಎರಡು ಬೆರಳಿನ ತುದಿ ಇತ್ತು.

"ಈಗ ಹೇಳಿ, ಪ್ರೋಗ್ರಾಮ್‌ನಲ್ಲಿ ಇಂಟರ್‌ಲಾಕ್ ಇರಲಿಲ್ವಾ? ನಾಲ್ಕಿತ್ತು. ರ‍್ಯಾಮ್ ಮೇಲಿರಬೇಕು, ಕ್ಲಾಂಪ್ ತೆರೆದಿರಬೇಕು, ಬಾಗಿಲು ಮುಚ್ಚಿರಬೇಕು, ಸೈಕಲ್ ಸ್ಟಾರ್ಟ್ ಬರಬೇಕು. ನಾಲ್ಕೂ ಸೇರದೆ ಪ್ರೋಗ್ರಾಮ್ ಶಟಲ್ ಬಿಡಲ್ಲ. ಆ ಬೆಳಿಗ್ಗೆಯೂ ಬಿಡಲಿಲ್ಲ, ಕೊನೇವರೆಗೂ ಸೊನ್ನೆ ಅಂತಲೇ ಬರೀತಿತ್ತು. ಆದರೆ ಫೋರ್ಸ್ ಕೂತಿರೋದು ಪ್ರೋಗ್ರಾಮ್ ಆದಮೇಲೆ. ಒಳಗಿಂದ ಸೊನ್ನೆ ಬಂದರೂ ಟರ್ಮಿನಲ್‌ಗೆ ಹೋಗೋದು ಒಂದು. ಇನ್‌ಪುಟ್ ಫೋರ್ಸ್ ಮಾಡಿದರೆ ಒಬ್ಬ ಕಾವಲುಗಾರನ ಕಣ್ಣು ಕಟ್ಟಿದ ಹಾಗೆ, ಉಳಿದ ಮೂವರು ಎದ್ದಿರ್ತಾರೆ. ಔಟ್‌ಪುಟ್ ಫೋರ್ಸ್ ಮಾಡಿದರೆ ನಾಲ್ವರನ್ನೂ ಒಟ್ಟಿಗೆ ಮನೆಗೆ ಕಳಿಸಿದ ಹಾಗೆ.

"ಇನ್ನೊಂದು. ಆ ಸ್ಪೇರ್ ಕೀ ಇಲ್ಲದಿದ್ದರೆ ಏನಾಗ್ತಿತ್ತು? ಬಾಗಿಲು ತೆರೆದ ತಕ್ಷಣ ಸೇಫ್ಟಿ ರಿಲೇ ಬಿದ್ದು ಡಂಪ್ ವಾಲ್ವ್ ಗಾಳಿಯನ್ನು ಹೊರಗೆ ಬಿಡ್ತಿತ್ತು. ಆ ವೈರಿಂಗ್ ಪ್ರೋಗ್ರಾಮಿನ ಹೊರಗಿದೆ, ಅಲ್ಲಿಗೆ ಫೋರ್ಸ್‌ನ ಆಟ ನಡೆಯಲ್ಲ. ಬಾಗಿಲು ಮುಚ್ಚಿ ರಿಸೆಟ್ ಮಾಡಿದಾಗ ಶಟಲ್ ನುಗ್ಗಿ ಕಬ್ಬಿಣಕ್ಕೆ ಕಬ್ಬಿಣ ಗುದ್ದುತ್ತಿತ್ತು. ಬೆರಳು ಅಲ್ಲಿ ಇರ್ತಿರಲಿಲ್ಲ."

ಭಾಷಣ ಇಲ್ಲಿಗೆ ನಿಲ್ಲಿಸಿ. ಇನ್ನು ಮಾತು ಬೇಡ, ಎಲ್ಲರನ್ನೂ ಪ್ಯಾನೆಲ್ ಹತ್ತಿರ ಕರೆದುಕೊಂಡು ಹೋಗಿ. ಗಾಳಿ ಮುಚ್ಚಿ, ಗೇಜ್ ಸೊನ್ನೆಗೆ ಇಳಿಸಿ, ಬೀಗ ಹಾಕಿ. ಆಮೇಲೆ ಟವರ್ ಲ್ಯಾಂಪಿನ ಔಟ್‌ಪುಟ್ ಒಂದನ್ನು ಫೋರ್ಸ್ ಮಾಡಿ. ಲ್ಯಾಂಪೇ ಆಗಬೇಕು, ತೋರಿಸುವ ಹುಮ್ಮಸ್ಸಿನಲ್ಲಿ ವಾಲ್ವ್ ಮುಟ್ಟಬೇಡಿ. ದೀಪ ಹತ್ತಿದ ಮೇಲೆ ಟಿಐಎ ಪೋರ್ಟಲ್ ಮುಚ್ಚಿ, ಕೇಬಲ್ ಕಿತ್ತು ಹಾಕಿ, ಪಿಎಲ್‌ಸಿಯನ್ನು ಆಫ್ ಮಾಡಿ ಆನ್ ಮಾಡಿ. ಅದು ಮತ್ತೆ ಎದ್ದಾಗ ದೀಪವೂ ಮತ್ತೆ ಹತ್ತುತ್ತದೆ. ಸೀಮೆನ್ಸ್ ಎಸ್7-1200ರಲ್ಲಿ ಫೋರ್ಸ್ ಉಳಿಯುವುದು ಸಿಪಿಯು ಒಳಗೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ. ನಿಲ್ಲಿಸು ಎಂದು ಆಜ್ಞೆ ಕೊಡುವವರೆಗೂ ಅದು ಅಲ್ಲೇ ಇರುತ್ತದೆ. ಆ ದೀಪ ಮತ್ತೆ ಹತ್ತಿದಾಗ ಹುಡುಗರ ಮುಖ ನೋಡಿ, ನಿಮ್ಮ ಹತ್ತು ನಿಮಿಷ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುತ್ತದೆ.

ಅಲ್ಲೇ ಇನ್ನೆರಡು ಗುರುತು ತೋರಿಸಿ. ಒಂದು, ಸಿಪಿಯು ಮೇಲಿನ `MAINT` ಎಂಬ ಹಳದಿ ದೀಪ. ಫೋರ್ಸ್ ಇದ್ದಷ್ಟು ಹೊತ್ತೂ ಅದು ಉರಿಯುತ್ತದೆ. ಅದು ಉರಿಯಲು ಬೇರೆ ಕಾರಣಗಳೂ ಇರಬಹುದು, ಆದರೆ ಕಾರಣ ಹುಡುಕದೆ ಪ್ಯಾನೆಲ್ ಬಾಗಿಲು ಮುಚ್ಚಬಾರದು. ನಮ್ಮಲ್ಲಿ ಆ ರಾತ್ರಿ ಮುಚ್ಚಿದ ಬಾಗಿಲ ಹಿಂದೆ ಅದು ಉರಿಯುತ್ತಲೇ ಇತ್ತು. ಎರಡು, ಆನ್‌ಲೈನ್ ಹೋಗಿ ನೋಡಿದರೆ ಪ್ರೋಗ್ರಾಮ್‌ನಲ್ಲಿ ಆ ಕಾಯಿಲ್ ಆರಿರುತ್ತದೆ, ಔಟ್‌ಪುಟ್ ದೀಪ ಮಾತ್ರ ಹತ್ತಿರುತ್ತದೆ. ಇವೆರಡೂ ಹೊಂದದಿದ್ದರೆ ಮೊದಲು ಫೋರ್ಸ್ ಟೇಬಲ್ ತೆರೆಯಿರಿ. ರಾಕ್‌ವೆಲ್ ಕಂಟ್ರೋಲ್‌ಲಾಜಿಕ್ಸ್ ಇರುವವರು `FORCE` ದೀಪ ನೋಡಬೇಕು. ಅದು ಸುಮ್ಮನೆ ಉರಿಯುತ್ತಿದ್ದರೆ ಫೋರ್ಸ್ ಜಾರಿಯಲ್ಲಿದೆ. ಮಿನುಗುತ್ತಿದ್ದರೆ ಯಾರೋ ಫೋರ್ಸ್ ಹಾಕಿಟ್ಟು ಜಾರಿ ಮಾಡದೆ ಹೋಗಿದ್ದಾರೆ. ನನಗೆ ಹೆಚ್ಚು ಭಯ ಈ ಎರಡನೆಯದರದ್ದು. ನಾಳೆ ಇನ್ನೊಬ್ಬ ತನ್ನದೊಂದು ಫೋರ್ಸ್ ಹಾಕಿ ಜಾರಿ ಮಾಡಿದಾಗ ಮಲಗಿದ್ದ ಹಳೆಯದೂ ಜೊತೆಗೇ ಎದ್ದು ಕೂರುತ್ತದೆ.

"ಹಾಗಾದರೆ ಫೋರ್ಸ್ ಮಾಡಲೇಬಾರದಾ" ಅಂತ ಒಬ್ಬ ಕೇಳೇ ಕೇಳುತ್ತಾನೆ. ಚಲಿಸುವ ಯಾವುದೇ ಭಾಗದ ಔಟ್‌ಪುಟ್ಟನ್ನು ಬ್ರೇಕ್‌ಡೌನ್ ಹೊತ್ತಲ್ಲಿ ನಾನಂತೂ ಫೋರ್ಸ್ ಮಾಡಲು ಬಿಡುವುದಿಲ್ಲ. ನನ್ನದು ಅತಿ ಎನ್ನುವವರಿದ್ದಾರೆ, ಇರಲಿ. ಶಟಲ್ ಮುಂದೆ ಹೋಗಬೇಕಿದ್ದರೆ ಬಾಗಿಲು ಮುಚ್ಚಿ ಮ್ಯಾನ್ಯುಯಲ್ ಮೋಡ್‌ನಲ್ಲಿ ಕಳಿಸಿ, ಅಲ್ಲಿ ಇಂಟರ್‌ಲಾಕ್ ಜೀವಂತ ಇರುತ್ತದೆ. ಮ್ಯಾನ್ಯುಯಲ್‌ನಲ್ಲೂ ಹೋಗದಿದ್ದರೆ ಯಾವ ಷರತ್ತು ತಡೆಯುತ್ತಿದೆ ಅಂತ ಪ್ರೋಗ್ರಾಮೇ ತೋರಿಸುತ್ತದೆ, ಹುಡುಕಬೇಕಾದದ್ದು ಅದನ್ನು. ವಾಲ್ವ್‌ವರೆಗಿನ ವೈರಿಂಗ್ ಮೇಲೆ ನಿಜವಾಗಿ ಅನುಮಾನವಿದ್ದು ಬೇರೆ ದಾರಿಯೇ ಇಲ್ಲದಿದ್ದರೆ, ಗಾಳಿ ಖಾಲಿ ಮಾಡಿ, ಬೀಗ ಹಾಕಿ, ಮೊದಲು ಲಾಗ್‌ಬುಕ್‌ನಲ್ಲಿ ಅಡ್ರೆಸ್ ಮತ್ತು ಸಮಯ ಬರೆದು, ಆಮೇಲೆ ಫೋರ್ಸ್ ಮಾಡಿ. ಕಾಯಿಲ್‌ನಲ್ಲಿ 24 ವೋಲ್ಟ್ ಬಂತೇ ಅಂತ ಮೀಟರ್ ಇಟ್ಟು ನೋಡಿ ಅದೇ ನಿಮಿಷ ತೆಗೆಯಿರಿ. ಹಾಕಿದವನೇ ತೆಗೆಯಬೇಕು, ಹಳದಿ ದೀಪ ಆರಿದ್ದನ್ನು ಕಣ್ಣಾರೆ ನೋಡಿ ಜಾಗ ಬಿಡಬೇಕು.

ಲಾಗ್‌ಬುಕ್ ಬಗ್ಗೆ ಇಷ್ಟು ಗಂಟಲು ಹರಿದುಕೊಳ್ಳಲು ಕಾರಣವಿದೆ. ಹೊಸೂರಿನ ಶಾಪ್‌ಫ್ಲೋರ್ ನಿಮಗೇ ಗೊತ್ತು: ರಾತ್ರಿಯವನು ತಮಿಳಿನಲ್ಲಿ "ಎಲ್ಲಾಂ ಸರಿಯಾಯಿಡುಚ್ಚು" ಅಂತಾನೆ, ಬೆಳಗಿನ ಫಿಟ್ಟರ್ ಬಾಗಲೂರು ಕಡೆಯ ತೆಲುಗಿನವನು, ಹೆಲ್ಪರ್‌ಗೆ ಹಿಂದಿ ಬಿಟ್ಟು ಬೇರೆ ಬರದು. "ಫೋರ್ಸ್ ಇದೆ, ನೋಡ್ಕೊಳ್ಳಿ" ಎಂಬುದು ಮೂರು ಬಾಯಿ ದಾಟುವ ಹೊತ್ತಿಗೆ "ಓಕೆ" ಆಗಿರುತ್ತದೆ. `%Q0.5` ಎಂದು ಬರೆದರೆ ಎಲ್ಲರಿಗೂ ಒಂದೇ.

ಆ ಸ್ಪೇರ್ ಕೀಗಳನ್ನು ಎಣಿಸಿ ಬೀಗ ಹಾಕಿಡಿ. ಅಷ್ಟಕ್ಕೆ ಬಿಡಬೇಡಿ, ಬಾಗಿಲು ಜೋತುಬಿದ್ದು ಸ್ವಿಚ್ ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿದೆಯಾ ನೋಡಿ. ಸ್ಪೇರ್ ಕೀ ಮೆಷಿನ್‌ಗೆ ಬರುವುದು ಬಹಳ ಸಲ ಆ ಕಾರಣಕ್ಕೇ. ಹಿಂಜ್ ಸರಿಮಾಡಿಸುವುದು ನಿಮ್ಮ ಕೆಲಸ, ಹುಡುಗರದಲ್ಲ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಒಬ್ಬರು ಡೋರ್ ಸೆನ್ಸರ್‌ಗೆ ಅಯಸ್ಕಾಂತ ಅಂಟಿಸಿ ಮೆಷಿನ್ ಓಡಿಸೋದು ತೋರಿಸಿದ್ದಾರೆ. ಬರೀ ಟೆಸ್ಟಿಂಗ್‌ಗೆ ಪರವಾಗಿಲ್ವಾ?

ಉತ್ತರ: ಟೆಸ್ಟಿಂಗ್‌ಗೂ ಬೇಡ. ಕೋಡೆಡ್ ಸೆನ್ಸರ್ ಅಂತ ದುಬಾರಿ ಮಾಲು ಮಾರುಕಟ್ಟೆಗೆ ಬಂದದ್ದೇ ಇಂಥ ಪಂಡಿತರ ಕಾಟಕ್ಕೆ.

ಪ್ರಶ್ನೆ: ನಾನು ಲ್ಯಾಪ್‌ಟಾಪ್ ಮುಟ್ಟಲ್ಲ ಸಾರ್. ವಾಲ್ವ್ ಮೇಲಿನ ಪುಟ್ಟ ಬಟನ್ನನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತುತ್ತೇನೆ. ಅದು ಫೋರ್ಸ್ ಅಲ್ಲ ತಾನೆ?

ಉತ್ತರ: ಅದೂ ಫೋರ್ಸೇ, ಹಳದಿ ದೀಪವೂ ಇಲ್ಲದ ಫೋರ್ಸ್. ಒತ್ತಿ ತಿರುಗಿಸಿದರೆ ಹಾಗೇ ಲಾಕ್ ಆಗುವ ಬಟನ್ ಇದ್ದರಂತೂ ತಿರುಗಿಸಿಟ್ಟು ಮರೆತದ್ದು ಯಾವ ಸ್ಕ್ರೀನಿನಲ್ಲೂ ಕಾಣುವುದಿಲ್ಲ. ಕಾಂಟ್ಯಾಕ್ಟರನ್ನು ಬೆರಳಲ್ಲಿ ಒತ್ತುವವರಿಗೂ ಇದೇ ಉತ್ತರ, ಬೇರೆ ಪತ್ರ ಬರೆಯಬೇಡಿ.

ಪ್ರಶ್ನೆ: ಎಮರ್ಜೆನ್ಸಿ ಸ್ಟಾಪ್ ಒತ್ತಿ ಕೈ ಹಾಕಿದರೆ ಸಾಕಲ್ವಾ, ಬೀಗ ಯಾಕೆ?

ಉತ್ತರ: ಆ ಗುಂಡಿಯನ್ನು ಯಾರು ಬೇಕಾದರೂ ತಿರುಗಿಸಿ ಬಿಡಿಸಬಹುದು. ಬೀಗದ ಕೀ ನಿಮ್ಮ ಜೇಬಿನಲ್ಲಿರುತ್ತದೆ.

ಪ್ರಶ್ನೆ: ಪ್ರೊಡಕ್ಷನ್ ಮ್ಯಾನೇಜರೇ ಎದುರು ನಿಂತು "ಬೈಪಾಸ್ ಮಾಡು, ನಾನು ನೋಡ್ಕೊಳ್ತೀನಿ" ಅಂದರೆ?

ಉತ್ತರ: ಲಾಗ್‌ಬುಕ್ ತೆರೆದು ಅವರ ಮುಂದಿಡಿ, ಪೆನ್ನೂ ಕೊಡಿ. ನನ್ನ ಸರ್ವೀಸಿನಲ್ಲಿ ಸಹಿ ಹಾಕಿದವರು ಒಬ್ಬರೇ. ಸಹಿ ಬಿದ್ದ ಮೇಲೂ ಆವತ್ತು ನಾನು ಆ ಮೆಷಿನ್ ಮುಟ್ಟಲಿಲ್ಲ.